ಮೂರು ತೋಟದ ಮಳೆ ಲೆಕ್ಕ: ‘ಪಾಸಿಟಿವ್ ಡೆಫಿನಿಟ್ ಅಲ್ಲ’ ಅಂತ ಎರರ್ ಯಾಕೆ ಬರುತ್ತಿದೆ?

ಮಳೆಲೆಕ್ಕ_ಮಡಿಕೇರಿ

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ ಪ್ರಾಜೆಕ್ಟ್‌ಗೆ ಮೂರು ಕಾಫಿ ತೋಟಗಳ ತಿಂಗಳ ಮಳೆ ಲೆಕ್ಕ ಹಿಡಿದುಕೊಂಡಿದ್ದೇನೆ. ಒಂದು ಮಡಿಕೇರಿ ಹತ್ತಿರದ ನಮ್ಮ ಮನೆ ತೋಟ. ಇನ್ನೊಂದು ಭಾಗಮಂಡಲದ ಕಡೆಯದು. ಮೂರನೆಯದು ಸುಂಟಿಕೊಪ್ಪದ ಕಡೆಯದು. ಎಲ್ಲಾ ರಿಜಿಸ್ಟರ್‌ನಿಂದ ಕೈಯಲ್ಲೇ ಟೈಪ್ ಮಾಡಿದ್ದು. ಇಂಚು ಸೆಂಟುಗಳಲ್ಲಿ ಇದ್ದದ್ದನ್ನು ಮಿಲಿಮೀಟರ್ ಮಾಡಿಕೊಂಡಿದ್ದೇನೆ.

ಈ ಮೂರೂ ತೋಟಕ್ಕೆ ಒಟ್ಟಿಗೆ ಸಾವಿರ ವರ್ಷದ ಕೃತಕ ಮಳೆ ಸರಣಿ ಹುಟ್ಟಿಸಬೇಕು. ಒಂದು ತೋಟಕ್ಕೂ ಇನ್ನೊಂದಕ್ಕೂ ಇರುವ ಸಂಬಂಧ ಅದರಲ್ಲಿ ಹಾಗೇ ಉಳಿಯಬೇಕು. ಅದಕ್ಕೆ ಕೋರಿಲೇಶನ್ ಮ್ಯಾಟ್ರಿಕ್ಸ್ ತೆಗೆದು ಚೊಲೆಸ್ಕಿ ಮಾಡಲು ಹೋದೆ.

```python
R = np.array([[1.0, 0.9, 0.9],
              [0.9, 1.0, 0.1],
              [0.9, 0.1, 1.0]])
np.linalg.cholesky(R)
```

ಬಂದ ಉತ್ತರ: `LinAlgError: Matrix is not positive definite`

ಸಾಲುಗಳ ಕ್ರಮ ನಮ್ಮ ತೋಟ, ಭಾಗಮಂಡಲ, ಸುಂಟಿಕೊಪ್ಪ. ಅಂಕಿ ಒಂದು ದಶಮಾಂಶಕ್ಕೆ ಇಳಿಸಿದ್ದೇನೆ, ಇಳಿಸದಿದ್ದರೂ ಇದೇ ಎರರ್. ಮೂರು ಸಲ ಪರೀಕ್ಷೆ ಮಾಡಿದೆ, ಟೈಪಿಂಗ್ ತಪ್ಪಿಲ್ಲ. ಎಲ್ಲಿ ಎಡವಿದೆ?

ತೋಟದಮನೆ_ಸೋಮವಾರಪೇಟೆ

ನನಗೆ ಈ ಮ್ಯಾಟ್ರಿಕ್ಸ್ ವ್ಯವಹಾರ ಗೊತ್ತಿಲ್ಲ ಮಗಳೇ. ಆದರೆ ನಿನ್ನ ಪಟ್ಟಿಯಲ್ಲಿ ಒಂಬತ್ತೂ ಅಂಕಿ ಪಾಸಿಟಿವ್ ಆಗಿಯೇ ಇವೆಯಲ್ಲ? ಒಂದಕ್ಕೂ ಮೈನಸ್ ಇಲ್ಲ. ಮತ್ತೆ ಕಂಪ್ಯೂಟರ್ ಪಾಸಿಟಿವ್ ಅಲ್ಲ ಅಂತ ಯಾಕೆ ಹೇಳುತ್ತದೆ?

ಇನ್ನೊಂದು ಮಾತು. ಭಾಗಮಂಡಲದ ಮಳೆಗೂ ಸುಂಟಿಕೊಪ್ಪದ ಮಳೆಗೂ ಸಂಬಂಧ ಕಮ್ಮಿ ಇರುವುದೇ ಸರಿ. ನಮ್ಮ ತೋಟಕ್ಕೂ ರಸ್ತೆಯಾಚೆಯ ತೋಟಕ್ಕೂ ಹೊಂದಿಕೆ ಇಲ್ಲ. ಈ ಸಲ ಅವರಿಗೆ ಹೂಮಳೆ ಒಂದೂವರೆ ಇಂಚು, ನಮಗೆ ಮೂವತ್ತು ಸೆಂಟು. ಹೂವು ಅರ್ಧಂಬರ್ಧ ಅರಳಿ ನಿಂತಿತು. ಸ್ಪ್ರಿಂಕ್ಲರ್‌ಗೆ ಡೀಸೆಲ್ ಸುರಿದದ್ದೇ ಬಂತು.

ಸೊನ್ನೆಯಿಂದ_ಶುರು

ಅಂಕಲ್, ಅಂಕಿಗಳು ಪಾಸಿಟಿವ್ ಇದ್ದರೆ ಸಾಲದು. ನಾನು ಇಂಜಿನಿಯರಿಂಗ್ ಮೂರನೇ ವರ್ಷ, ಇದು ಸಿಲಬಸ್‌ನಲ್ಲಿ ಇತ್ತು. ಮ್ಯಾಟ್ರಿಕ್ಸ್‌ನಿಂದ ಒಂದು ಎರಡನೇ ಘಾತದ ಲೆಕ್ಕ ಹುಟ್ಟುತ್ತದೆ. ಆ ಲೆಕ್ಕ ಪಾಸಿಟಿವ್ ಬರಬೇಕು, ಅಂಕಿಗಳಲ್ಲ. ಉದಾಹರಣೆಗೆ 1, 2, 2, 1 ಅಂತ ಎರಡು ಸಾಲು ತೆಗೆದುಕೊಳ್ಳಿ. ಎಲ್ಲವೂ ಪಾಸಿಟಿವ್. ಅದರ ಲೆಕ್ಕ `x² + 4xy + y²`. ಅಲ್ಲಿ x = 1, y = −1 ಹಾಕಿದರೆ −2. ಮುಗೀತು.

@ಮಳೆಲೆಕ್ಕ, ಎಡ ಮೇಲ್ಮೂಲೆಯಿಂದ ಶುರು ಮಾಡಿ 1×1, 2×2, 3×3 ಡಿಟರ್ಮಿನೆಂಟ್ ನೋಡಿ. ಮೂರೂ ಸೊನ್ನೆಗಿಂತ ದೊಡ್ಡದಿರಬೇಕು. ಸೊನ್ನೆ ಬಂದರೂ ನಡೆಯುತ್ತೆ, ಆಗ ಸೆಮಿ-ಡೆಫಿನಿಟ್ ಅಷ್ಟೇ. ನಿಮ್ಮದರಲ್ಲಿ ಮೊದಲನೆಯದು 1. ಎರಡನೆಯದು 1 − 0.81 = 0.19. ಮೂರನೆಯದು −0.468. ಅಲ್ಲಿ ಕೆಟ್ಟಿದೆ.

ಪರಿಹಾರ ಸುಲಭ. ಕರ್ಣದ ಅಂಕಿಗಳಿಗೆ ಸ್ವಲ್ಪ ಏನಾದರೂ ಕೂಡಿಸಿ, ಎರರ್ ಹೋಗುತ್ತೆ. ಎಲ್ಲರೂ ಅದನ್ನೇ ಮಾಡುವುದು.

ವಿರಾಜಪೇಟೆ_ಲೆಕ್ಕದಮೇಷ್ಟ್ರು

ಕರ್ಣದ ಮೇಲೆ ತೇಪೆ ಹಾಕುವ ಮೊದಲು ತೂತು ಎಲ್ಲಿದೆ ಅಂತ ನೋಡೋಣ. ತಮ್ಮ ಹೇಳಿದ ‘ಸೊನ್ನೆ ಬಂದರೂ ನಡೆಯುತ್ತೆ’ ಅನ್ನುವ ಮಾತಿನ ಮೇಲೆ ನನಗೆ ತಕರಾರಿದೆ. ಅದು ಆಮೇಲೆ.

ಮೂರು ತೋಟದ ಮಳೆಯನ್ನೂ ಸರಾಸರಿ ಕಳೆದು ಒಂದೇ ಅಳತೆಗೆ ತಂದಿದ್ದೇವೆ ಅಂತ ಇಟ್ಟುಕೊಳ್ಳಿ. ಅಂದರೆ ಪ್ರತಿಯೊಂದರ ವೇರಿಯನ್ಸ್ 1. ಈಗ ಮೊದಲ ತೋಟದ ಮಳೆಯ x ಪಾಲು, ಎರಡನೆಯದರ y ಪಾಲು, ಮೂರನೆಯದರ z ಪಾಲು ಕೂಡಿಸಿ ಒಂದು ಹೊಸ ಅಂಕಿ ಮಾಡಿ. ಅದರ ವೇರಿಯನ್ಸ್ ಎಷ್ಟು? ಅದೇ ಈ ಮ್ಯಾಟ್ರಿಕ್ಸ್‌ನ ಕ್ವಾಡ್ರಾಟಿಕ್ ಫಾರ್ಮ್:

`q = x² + y² + z² + 1.8xy + 1.8xz + 0.2yz`

x ಇರುವ ಎಲ್ಲವನ್ನೂ ಒಂದೇ ವರ್ಗದೊಳಗೆ ತುಂಬಿ. ಶಾಲೆಯಲ್ಲಿ ವರ್ಗ ಪೂರ್ಣ ಮಾಡುತ್ತಿದ್ದಿರಲ್ಲ, ಅದೇ ಕೆಲಸ.

`q = (x + 0.9y + 0.9z)² + 0.19y² + 0.19z² − 1.42yz`

ಈ −1.42 ನೋಡಿ. 0.19 ಎರಡು ಇದ್ದರೂ ಅದನ್ನು ತಡೆಯಲು ಆಗುವುದಿಲ್ಲ. y ಮತ್ತು z ಎರಡಕ್ಕೂ 1 ಕೊಡಿ. ಮೊದಲ ವರ್ಗ ಸೊನ್ನೆ ಆಗುವ ಹಾಗೆ x = −1.8 ಮಾಡಿ. ಉಳಿಯುವುದು 0.19 + 0.19 − 1.42, ಅಂದರೆ −1.04.

ಭಾಗಮಂಡಲದ ಮಳೆ, ಸುಂಟಿಕೊಪ್ಪದ ಮಳೆ ಕೂಡಿಸಿ, ಅದರಿಂದ ನಿಮ್ಮ ತೋಟದ ಮಳೆಯ 1.8 ಪಾಲು ಕಳೆದರೆ ಬರುವ ಅಂಕಿಗೆ ವೇರಿಯನ್ಸ್ −1.04 ಅಂತ ನಿಮ್ಮ ಪಟ್ಟಿ ಹೇಳುತ್ತಿದೆ. ವೇರಿಯನ್ಸ್ ಎಂದರೆ ವರ್ಗಗಳ ಸರಾಸರಿ. ಅದು ಮೈನಸ್ ಆಗುವುದುಂಟೇ? 0.9, 0.9, 0.1 ಈ ಮೂರೂ ಒಟ್ಟಿಗೆ ಯಾವ ಮಳೆಯಿಂದಲೂ ಬರುವುದಿಲ್ಲ. ಕಂಪ್ಯೂಟರ್ ಸರಿಯಾಗಿಯೇ ಹೇಳಿದೆ.

ಇನ್ನೊಂದು ಹೆಜ್ಜೆ ಹೋದರೆ ತಮ್ಮನ ಡಿಟರ್ಮಿನೆಂಟ್ ಎಲ್ಲಿಂದ ಬಂತು ಅಂತಲೂ ಕಾಣುತ್ತದೆ. ಉಳಿದ ಭಾಗದಲ್ಲಿ y ಅನ್ನೂ ಅದೇ ರೀತಿ ವರ್ಗದೊಳಗೆ ಹಾಕಿ. ಕೊನೆಗೆ z² ಮುಂದೆ ನಿಲ್ಲುವುದು −2.463. ಮೂರು ವರ್ಗಗಳ ಮುಂದಿನ ಗುಣಕ 1, 0.19, −2.463. ಒಂದರಿಂದ ಒಂದಕ್ಕೆ ಗುಣಿಸುತ್ತಾ ಹೋದರೆ 1, 0.19, −0.468. ತಮ್ಮ ಹೇಳಿದ ಮೂರು ಡಿಟರ್ಮಿನೆಂಟ್‌ಗಳು ಇವೇ. ಎಲ್ಲಾ ಡಿಟರ್ಮಿನೆಂಟ್ ಪಾಸಿಟಿವ್ ಅಂದರೆ ಎಲ್ಲಾ ವರ್ಗಗಳ ಮುಂದೆಯೂ ಪ್ಲಸ್ ಇದೆ ಅಂತ ಅರ್ಥ. ಸಿಲ್ವೆಸ್ಟರ್ ಹೆಸರಿನ ಪರೀಕ್ಷೆಯ ಗುಟ್ಟು ಅಷ್ಟೇ.

ಬೇರೆ ಕ್ರಮದಲ್ಲಿ, ಅಂದರೆ z ನಿಂದ ಶುರು ಮಾಡಿ ಬಂದರೂ ಎರಡು ಪ್ಲಸ್, ಒಂದು ಮೈನಸ್ಸೇ ಬರುತ್ತದೆ. ಗುಣಕ ಬದಲಾಗಬಹುದು, ಪ್ಲಸ್ ಮೈನಸ್‌ಗಳ ಎಣಿಕೆ ಬದಲಾಗುವುದಿಲ್ಲ. ಅದನ್ನೂ ಸಿಲ್ವೆಸ್ಟರೇ 1852ರಲ್ಲಿ ಹೇಳಿದ.

ಮಳೆಲೆಕ್ಕ_ಮಡಿಕೇರಿ

ಸರ್, ತುಂಬಾ ಚೆನ್ನಾಗಿ ಅರ್ಥ ಆಯಿತು. ಆದರೆ ಇದರಿಂದ ಗಾಬರಿ ಜಾಸ್ತಿ ಆಯಿತು! ಒಂದೊಂದು ಕೋರಿಲೇಶನ್ನನ್ನೂ ನಿಜವಾದ ಮಳೆ ಅಂಕಿಯಿಂದಲೇ ತೆಗೆದಿದ್ದು. ಮೂರೂ ಬಿಡಿಬಿಡಿಯಾಗಿ ಸರಿ. ಸೇರಿಸಿದರೆ ಮಾತ್ರ ಹೇಗೆ ಅಸಾಧ್ಯ ಆಗುತ್ತದೆ?

ವಿರಾಜಪೇಟೆ_ಲೆಕ್ಕದಮೇಷ್ಟ್ರು

ರಸ್ತೆ ಲೆಕ್ಕದಲ್ಲಿ ಹೇಳುತ್ತೇನೆ. ಮಡಿಕೇರಿಯಿಂದ ವಿರಾಜಪೇಟೆಗೆ ಸುಮಾರು 30 ಕಿಲೋಮೀಟರ್. ಮಡಿಕೇರಿಯಿಂದ ಕುಶಾಲನಗರಕ್ಕೂ ಹೆಚ್ಚು ಕಮ್ಮಿ ಅಷ್ಟೇ. ಯಾರಾದರೂ ಬಂದು ವಿರಾಜಪೇಟೆಯಿಂದ ಕುಶಾಲನಗರಕ್ಕೆ ಹತ್ತಿರದ ದಾರಿಯೇ 100 ಕಿಲೋಮೀಟರ್ ಅಂದರೆ ನಂಬುತ್ತೀರಾ? ಮಡಿಕೇರಿ ಮೇಲೆ ಹೋದರೂ 60 ಆಗುತ್ತದೆ. ಒಂದೊಂದು ಅಂಕಿಯೂ ಬಿಡಿಯಾಗಿ ಸಾಧ್ಯ, ಒಟ್ಟಿಗೆ ಸಾಧ್ಯವಿಲ್ಲ.

ಕೋರಿಲೇಶನ್ ಕೂಡ ಹಾಗೆಯೇ. ಅದು ಎರಡು ದಿಕ್ಕುಗಳ ನಡುವಿನ ಕೋನದ ಕೊಸೈನ್. 0.9 ಅಂದರೆ ಸುಮಾರು 25.8 ಡಿಗ್ರಿ. ನಿಮ್ಮ ತೋಟದಿಂದ ಭಾಗಮಂಡಲಕ್ಕೆ 25.8, ಸುಂಟಿಕೊಪ್ಪಕ್ಕೂ 25.8. ಹಾಗಾದರೆ ಅವೆರಡರ ನಡುವೆ ಅಬ್ಬಬ್ಬಾ ಅಂದರೆ 51.7 ಡಿಗ್ರಿ ಇರಬಹುದು. ನಿಮ್ಮ 0.1 ಕೇಳುತ್ತಿರುವುದು 84.3 ಡಿಗ್ರಿ.

51.7ರ ಕೊಸೈನ್ 0.62. ಡಿಟರ್ಮಿನೆಂಟ್ ದಾರಿಯಲ್ಲೂ ಅದೇ ಬರುತ್ತದೆ. ಮೂರನೇ ಕೋರಿಲೇಶನ್ `c` ಅಂದುಕೊಂಡರೆ ಷರತ್ತು `1 + 1.62c − 1.62 − c² ≥ 0`. ಬಿಡಿಸಿದರೆ c ಇರಬೇಕಾದದ್ದು 0.81 − 0.19 ರಿಂದ 0.81 + 0.19 ರ ಒಳಗೆ. ಅಂದರೆ 0.62 ರಿಂದ 1 ರ ನಡುವೆ. 0.1 ಆ ಬೇಲಿಯಿಂದ ತುಂಬಾ ದೂರ ಇದೆ. ದಶಮಾಂಶ ಇಳಿಸಿದ್ದರಿಂದ ಆದ ಸಣ್ಣ ತಪ್ಪಂತೂ ಅಲ್ಲ.

ಒಂದೇ ಅಂಕಿಪಟ್ಟಿಯಿಂದ ಮೂರನ್ನೂ ತೆಗೆದಿದ್ದರೆ ಹೀಗೆ ಆಗಲು ಸಾಧ್ಯವೇ ಇಲ್ಲ. ಹಾಗಾಗಿ ನೀವು ಮೂರನ್ನೂ ಒಂದೇ ಪಟ್ಟಿಯಿಂದ ತೆಗೆದಿಲ್ಲ ಅಂತ ನನ್ನ ಅನುಮಾನ.

ಕೋಡ್_ಕುಶಾಲನಗರ

ಮೇಷ್ಟ್ರು ಹೇಳಿದ್ದೇ ಇರಬೇಕು. ಮೇಡಂ, `df.corr()` ಬಳಸಿದ್ರಾ? ರಿಜಿಸ್ಟರ್‌ನಲ್ಲಿ ಖಾಲಿ ತಿಂಗಳುಗಳು ಇದ್ದವಾ? ಪಾಂಡಾಸ್ ಖಾಲಿ ಜಾಗ ಕಂಡರೆ ಸುಮ್ನೆ ಬಿಟ್ಟು ಹೋಗುತ್ತದೆ. ಆದರೆ ಪ್ರತಿ ಜೋಡಿಗೂ ಬೇರೆ ಬೇರೆ ತಿಂಗಳು ಬಿಡುತ್ತದೆ. ಎಚ್ಚರಿಕೆಯನ್ನೂ ಕೊಡುವುದಿಲ್ಲ. ಇದನ್ನು ಓಡಿಸಿ, ಯಾವ ಜೋಡಿಗೆ ಎಷ್ಟು ತಿಂಗಳು ಸಿಕ್ಕಿದೆ ಅಂತ ಕಾಣುತ್ತೆ:

```python
m = df.notna().astype(int)
print(m.T @ m)
```

ಮಳೆಲೆಕ್ಕ_ಮಡಿಕೇರಿ

ಅಯ್ಯೋ. ಸಿಕ್ಕಿತು.

ನಮ್ಮ ತೋಟದ್ದು 2016 ರಿಂದ 2023 ಪೂರ್ತಿ ಇದೆ, 96 ತಿಂಗಳು. ಭಾಗಮಂಡಲದ ಕಡೆಯ ತೋಟದಲ್ಲಿ 2019ರ ತನಕ ಪೂರ್ತಿ ಬರೆದಿದ್ದಾರೆ. ಆಮೇಲೆ ರೈಟರ್ ಬಿಟ್ಟು ಹೋದರಂತೆ. ಅಲ್ಲಿಂದ ಹೂಮಳೆಗೆ ಬೇಕು ಅಂತ ಮಾರ್ಚ್, ಏಪ್ರಿಲ್, ಮೇ ಮಾತ್ರ ಬರೆದಿದ್ದಾರೆ. ಸುಂಟಿಕೊಪ್ಪದ ಕಡೆಯವರು ಗೇಜ್ ಇಟ್ಟದ್ದೇ 2020ರಲ್ಲಿ.

ಹಾಗಾಗಿ ನಮ್ಮದು–ಭಾಗಮಂಡಲ ಜೋಡಿಗೆ 60 ತಿಂಗಳು. ನಮ್ಮದು–ಸುಂಟಿಕೊಪ್ಪಕ್ಕೆ 48. ಭಾಗಮಂಡಲ–ಸುಂಟಿಕೊಪ್ಪ ಜೋಡಿಗೆ ಬರೀ 12 ತಿಂಗಳು, ಅದೂ ಎಲ್ಲಾ ಬೇಸಿಗೆಯದ್ದು.

ತೋಟದಮನೆ_ಸೋಮವಾರಪೇಟೆ

ನೋಡಿದೆಯಾ! ಇದನ್ನೇ ನಾನು ಹೇಳಿದ್ದು. ಬೇಸಿಗೆ ಮಳೆ ಗುಡುಗಿನ ಮಳೆ. ಒಂದು ಮೋಡ ಎಲ್ಲಿ ಕೂತಿತೋ ಅಲ್ಲಿ ಸುರಿದು ಹೋಗುತ್ತದೆ. ಪಕ್ಕದ ಗುಡ್ಡಕ್ಕೆ ಹನಿ ಇಲ್ಲ. ಜೂನ್ ಜುಲೈ ಹಾಗಲ್ಲ. ಮುಂಗಾರು ಹಿಡಿದರೆ ಭಾಗಮಂಡಲಕ್ಕೂ ಬರುತ್ತೆ, ಮಡಿಕೇರಿಗೂ ಬರುತ್ತೆ, ಸುಂಟಿಕೊಪ್ಪಕ್ಕೂ ಬರುತ್ತೆ. ಅಳತೆ ಹೆಚ್ಚು ಕಮ್ಮಿ, ಅಷ್ಟೇ. ನಿನ್ನ 0.9 ಮುಂಗಾರಿನ ಅಂಕಿ, 0.1 ಹೂಮಳೆಯ ಅಂಕಿ.

ವಿರಾಜಪೇಟೆ_ಲೆಕ್ಕದಮೇಷ್ಟ್ರು

ಒಪ್ಪಿದೆ. ಮೊದಲ ಪೋಸ್ಟ್ ಓದಿ ನೀವು ವಿಷಯ ಬಿಟ್ಟು ಹೋದಿರಿ ಅಂದುಕೊಂಡಿದ್ದೆ, ತಪ್ಪಾಯಿತು.

ಮಳೆಲೆಕ್ಕ_ಮಡಿಕೇರಿ

ಇನ್ನೊಂದು ವಿಚಿತ್ರ. ಸರ್ ಹೇಳಿದ ಬೇಲಿ ನಿಜವಾ ಅಂತ ನೋಡಲು 0.1 ತೆಗೆದು 0.7 ಹಾಕಿದೆ. 0.62ಕ್ಕಿಂತ ಜಾಸ್ತಿ ಇದೆ, ಪಾಸ್ ಆಗಬೇಕು. ಕೈಯಲ್ಲಿ ಡಿಟರ್ಮಿನೆಂಟ್ 0.024 ಬಂತು, ಪಾಸಿಟಿವ್. ಆದರೂ ನಂಪೈ ಅದೇ ಎರರ್ ಕೊಡುತ್ತಿದೆ!

```python
R[1, 2] = 0.7
np.linalg.cholesky(R)
```

ಕೋಡ್_ಕುಶಾಲನಗರ

`R[2, 1]` ಬದಲಾಯಿಸಿಲ್ಲ. ನಂಪೈಯ ಚೊಲೆಸ್ಕಿ ಕರ್ಣ ಮತ್ತು ಅದರ ಕೆಳಗಿನ ಅರ್ಧ ಮಾತ್ರ ಓದುತ್ತದೆ. ಮೇಲಿನ ಅರ್ಧದಲ್ಲಿ ಏನಿದೆ ಅಂತ ತಿರುಗಿಯೂ ನೋಡುವುದಿಲ್ಲ. ನೀವು ಬದಲಾಯಿಸಿದ್ದು ಮೇಲಿನದು. ಅದರ ಪಾಲಿಗೆ ಇನ್ನೂ 0.1 ಇದೆ.

ಇದು ಉಲ್ಟಾ ಆದರೆ ಇನ್ನೂ ಅಪಾಯ. ಕೆಳಗಿನದು ಸರಿ ಇದ್ದು ಮೇಲಿನದು ತಪ್ಪಿದ್ದರೆ ಎರರ್ ಇಲ್ಲದೆ ಉತ್ತರ ಬಂದುಬಿಡುತ್ತದೆ. ನಾನು ಒಮ್ಮೆ ಎರಡು ದಿನ ಇದರಲ್ಲೇ ಕಳೆದಿದ್ದೇನೆ. ಅಲ್ಲಿಂದ ಚೊಲೆಸ್ಕಿಗೆ ಮುಂಚೆ `np.allclose(R, R.T)` ಹಾಕುವ ಅಭ್ಯಾಸ.

ಸೊನ್ನೆಯಿಂದ_ಶುರು

ಇಷ್ಟೆಲ್ಲಾ ಯಾಕೆ, ಐಗನ್‌ವ್ಯಾಲ್ಯೂ ನೋಡಿದರೆ ಸಾಕಲ್ವಾ? ಎಲ್ಲಾ ಪಾಸಿಟಿವ್ ಇದ್ದರೆ ಪಾಸಿಟಿವ್ ಡೆಫಿನಿಟ್. ಸಿಮೆಟ್ರಿ ಇದೆಯೋ ಇಲ್ಲವೋ ಅಂತ ತಲೆಕೆಡಿಸಿಕೊಳ್ಳಬೇಕಿಲ್ಲ. ಅಂದಹಾಗೆ ಮೂಲ ಮ್ಯಾಟ್ರಿಕ್ಸ್‌ಗೆ ನಾನು ಓಡಿಸಿದೆ: 2.324, 0.9, −0.224. ಒಂದು ಮೈನಸ್.

ನನ್ನ ತೇಪೆ ಕೂಡ ಕೆಲಸ ಮಾಡಿತು. 80% ಈ ಮ್ಯಾಟ್ರಿಕ್ಸ್, 20% ಐಡೆಂಟಿಟಿ ಮ್ಯಾಟ್ರಿಕ್ಸ್ ಕಲಸಿದೆ. ಚೊಲೆಸ್ಕಿ ಪಾಸ್!

ವಿರಾಜಪೇಟೆ_ಲೆಕ್ಕದಮೇಷ್ಟ್ರು

ಐಗನ್‌ವ್ಯಾಲ್ಯೂ ಮಾತು ಸಿಮೆಟ್ರಿ ಇದ್ದಾಗ ಮಾತ್ರ ನಿಜ. ಮೇಲಿನ ಸಾಲು 1, 4. ಕೆಳಗಿನ ಸಾಲು 0, 1. ಇದರ ಐಗನ್‌ವ್ಯಾಲ್ಯೂ ಎರಡೂ 1. ಆದರೆ ಫಾರ್ಮ್ ಬರೆದರೆ `x² + 4xy + y²`. ನೀನೇ ಅಂಕಲ್‌ಗೆ ತೋರಿಸಿದ ಲೆಕ್ಕ! 1, −1 ಹಾಕಿದರೆ −2. 4 ಮತ್ತು 0 ಅನ್ನು 2, 2 ಅಂತ ಸಮ ಹಂಚಿದ ಮೇಲೆಯೇ ಐಗನ್‌ವ್ಯಾಲ್ಯೂ ಕೇಳಬೇಕು. ಆಗ 3 ಮತ್ತು −1 ಬರುತ್ತದೆ.

ಇನ್ನು ನಿನ್ನ ತೇಪೆ. 18.3% ಐಡೆಂಟಿಟಿ ಕಲಸಿದ ಕೂಡಲೇ ಆ −0.224 ಸೊನ್ನೆಗೆ ಬರುತ್ತದೆ. ನೀನು 20% ಹಾಕಿದ್ದೀಯ, ಅದಕ್ಕೇ ಪಾಸ್. ಆದರೆ ಬಂದ ಮ್ಯಾಟ್ರಿಕ್ಸ್ ನೋಡು. ಎರಡು 0.9 ಗಳು 0.72 ಆದವು. 0.1 ಇನ್ನೂ ಇಳಿದು 0.08 ಆಯಿತು. ನಂಬಬಹುದಾದ ಎರಡು ಅಂಕಿಗಳು ಕೆಟ್ಟವು. ನಂಬಬಾರದ ಅಂಕಿ ಇನ್ನೂ ತಪ್ಪು ದಿಕ್ಕಿಗೇ ಹೋಯಿತು. ಎರರ್ ಮೆಸೇಜ್ ಮಾತ್ರ ಹೋಯಿತು.

ಕೋಡ್_ಕುಶಾಲನಗರ

ಮೇಷ್ಟ್ರೇ, ತೇಪೆಗೆ ಅಷ್ಟೊಂದು ಬಯ್ಯಬೇಡಿ. ಐವತ್ತು ಸ್ಟೇಷನ್ ಇದ್ದು, ಅಲ್ಲೊಂದು ಇಲ್ಲೊಂದು ದಿನ ಖಾಲಿ ಇದ್ದರೆ −0.003 ಥರದ ಐಗನ್‌ವ್ಯಾಲ್ಯೂ ಬರುತ್ತಲೇ ಇರುತ್ತದೆ. ಆಗ ಹತ್ತಿರದ ಸರಿಯಾದ ಕೋರಿಲೇಶನ್ ಮ್ಯಾಟ್ರಿಕ್ಸ್‌ಗೆ ಸರಿಸುವುದು ನ್ಯಾಯವೇ. ಹೈಯಮ್ ಅನ್ನುವವರು 2002ರಲ್ಲಿ ಅದಕ್ಕೆ ಸರಿಯಾದ ವಿಧಾನ ಕೊಟ್ಟರು. ಸಮಸ್ಯೆ ಬಂದದ್ದು ಶೇರು ವ್ಯವಹಾರದವರಿಂದ. ಅವರಿಗೂ ಇದೇ ಖಾಲಿ ದಿನಗಳ ಕಾಟ. ಮೈನಸ್ ಐಗನ್‌ವ್ಯಾಲ್ಯೂ ಸೊನ್ನೆ ಮಾಡುವುದು, ಕರ್ಣವನ್ನು ಮತ್ತೆ 1ಕ್ಕೆ ತರುವುದು, ಹೀಗೆ ಎರಡನ್ನೂ ಒಂದು ತಿದ್ದುಪಡಿಯೊಂದಿಗೆ ಮತ್ತೆ ಮತ್ತೆ ಮಾಡುತ್ತಾ ಹೋಗುವುದು.

ಆದರೆ ಇಲ್ಲಿ ಮೈನಸ್ ಇರುವುದು 0.224. ಅಷ್ಟು ದೊಡ್ಡದಿದ್ದರೆ ನಾನೂ ಡೇಟಾ ಕಡೆಗೇ ತಿರುಗುತ್ತೇನೆ.

ಮೇಡಂ, ಮೂರೂ ತೋಟದಲ್ಲಿ ಅಂಕಿ ಇರುವ ತಿಂಗಳು ಮಾತ್ರ ತೆಗೆದುಕೊಳ್ಳಿ. `df.dropna().corr()`. ಆಗ ಮೈನಸ್ ಬರುವುದಕ್ಕೆ ಸಾಧ್ಯವೇ ಇಲ್ಲ.

ಮಳೆಲೆಕ್ಕ_ಮಡಿಕೇರಿ

ಮಾಡಿದೆ. ಈಗ ನಮ್ಮದು–ಭಾಗಮಂಡಲ 0.41, ನಮ್ಮದು–ಸುಂಟಿಕೊಪ್ಪ 0.35, ಅವೆರಡರ ನಡುವೆ ಅದೇ 0.10. ಡಿಟರ್ಮಿನೆಂಟ್ 0.728. ಚೊಲೆಸ್ಕಿ ಆಯಿತು.

ಆದರೆ ಖುಷಿ ಪಡುವ ಹಾಗಿಲ್ಲ. ಮೂರಕ್ಕೂ ಸೇರಿ ಇರುವುದು ಅದೇ 12 ಬೇಸಿಗೆ ತಿಂಗಳು. ಇದರಿಂದ ಸಾವಿರ ವರ್ಷದ ಮಳೆ ಹುಟ್ಟಿಸಿದರೆ ಮುಂಗಾರಿನಲ್ಲೂ ಹೂಮಳೆಯ ಹಾಗೆ ಒಂದು ತೋಟಕ್ಕೆ ಸುರಿದು ಇನ್ನೊಂದು ತೋಟ ಒಣಗಿರುತ್ತದೆ. ಮ್ಯಾಟ್ರಿಕ್ಸ್ ಸರಿ, ಮಳೆ ತಪ್ಪು.

ಇನ್ನೊಂದು ಪ್ರಶ್ನೆ ಇದೆ. ಗೈಡ್ ಹೇಳಿದ್ದರು ಅಂತ ನಾಲ್ಕನೇ ಕಾಲಂ ಆಗಿ ಮೂರು ತೋಟದ ಸರಾಸರಿಯನ್ನೂ ಸೇರಿಸಿದೆ. ಕೋರಿಲೇಶನ್ ಬದಲು ಕೋವೇರಿಯನ್ಸ್ ತೆಗೆದೆ. ಖಾಲಿ ತಿಂಗಳು ಒಂದೂ ಇಲ್ಲ. ಆದರೂ ಮತ್ತೆ ಅದೇ ಎರರ್! ಸಣ್ಣ ಐಗನ್‌ವ್ಯಾಲ್ಯೂಗೆ ಮೈನಸ್ ಚಿಹ್ನೆ ಇದೆ. ಆದರೆ ಅಂಕಿ ಎಷ್ಟು ಸಣ್ಣದೆಂದರೆ ಸೊನ್ನೆ ಪಾಯಿಂಟ್ ಆದ ಮೇಲೆ ಹತ್ತಕ್ಕೂ ಜಾಸ್ತಿ ಸೊನ್ನೆ.

ವಿರಾಜಪೇಟೆ_ಲೆಕ್ಕದಮೇಷ್ಟ್ರು

ಇದು ಬೇರೆ ರೋಗ. ಎರರ್ ಮೆಸೇಜ್ ಒಂದೇ ಇರುವುದರಿಂದ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ.

ಮೂರು ತೋಟದ ಮಳೆ ಕೂಡಿಸಿ ಅದರಿಂದ ಸರಾಸರಿಯ ಮೂರು ಪಟ್ಟು ಕಳೆಯಿರಿ. ಯಾವ ತಿಂಗಳು ಆದರೂ ಸೊನ್ನೆ. ಹಾಗಾದರೆ ಅದರ ವೇರಿಯನ್ಸೂ ಸೊನ್ನೆ. 1, 1, 1, −3 ಈ ಪಾಲುಗಳಲ್ಲಿ ಫಾರ್ಮ್ ಸೊನ್ನೆ ಆಗಿಬಿಟ್ಟಿತು. ಎಲ್ಲೂ ಮೈನಸ್ ಹೋಗುವುದಿಲ್ಲ, ಆದರೆ ಒಂದು ದಿಕ್ಕಿನಲ್ಲಿ ನೆಲ ಮುಟ್ಟುತ್ತದೆ. ಇದು ಪಾಸಿಟಿವ್ ಸೆಮಿ-ಡೆಫಿನಿಟ್. ಡೆಫಿನಿಟ್ ಅನ್ನಿಸಿಕೊಳ್ಳಲು ಪಾಲುಗಳೆಲ್ಲ ಸೊನ್ನೆ ಇದ್ದಾಗ ಮಾತ್ರ ಫಾರ್ಮ್ ಸೊನ್ನೆ ಆಗಬೇಕು. `≥` ಸಾಲದು, `>` ಬೇಕು. ನಿಜವಾದ ಐಗನ್‌ವ್ಯಾಲ್ಯೂ ಸೊನ್ನೆ. ಕಂಪ್ಯೂಟರ್ ದಶಮಾಂಶ ಕತ್ತರಿಸುವಾಗ ಅದು ಒಂದು ಕೂದಲಿನಷ್ಟು ಆಚೆ ಈಚೆ ಬೀಳುತ್ತದೆ. ಕೆಲವು ಸಲ ಪ್ಲಸ್ ಕಡೆಗೆ ಬಿದ್ದು ಚೊಲೆಸ್ಕಿ ಪಾಸೂ ಆಗಬಹುದು, ಅದನ್ನೂ ನಂಬಬೇಡಿ. ಸಣ್ಣ ಐಗನ್‌ವ್ಯಾಲ್ಯೂವನ್ನು ದೊಡ್ಡದರ ಪಕ್ಕ ಇಟ್ಟು ನೋಡಿ. 2.324ರ ಪಕ್ಕ −0.224 ಅಂದರೆ ಡೇಟಾದಲ್ಲೇ ತಪ್ಪಿದೆ. ಇದು ಅಂಥದ್ದಲ್ಲ. ಸರಾಸರಿ ಕಾಲಂ ತೆಗೆದುಹಾಕಿ, ಮೂರು ತೋಟದ ಸರಣಿ ಹುಟ್ಟಿಸಿದ ಮೇಲೆ ಸರಾಸರಿ ಮಾಡಿಕೊಳ್ಳಿ.

ಈಗ ತಮ್ಮನ ಹಳೇ ಬಾಕಿ. ಮೂಲೆಯ ಡಿಟರ್ಮಿನೆಂಟ್‌ಗಳು ಸೊನ್ನೆ ಬಂದರೂ ಸೆಮಿ-ಡೆಫಿನಿಟ್ ಅಂದೆಯಲ್ಲ. ಈ ಮೂರು ಸಾಲು ತಗೋ: 1, 1, 1. ಮತ್ತೆ 1, 1, 1. ಕೊನೆಗೆ 1, 1, 0. ಮೂಲೆಯಿಂದ ಡಿಟರ್ಮಿನೆಂಟ್ 1, 0, 0. ನಿನ್ನ ನಿಯಮದಲ್ಲಿ ಪಾಸ್. x = 1, y = 0, z = −1 ಹಾಕಿ ಲೆಕ್ಕ ಮಾಡಿ ಹೇಳು.

ಸೊನ್ನೆಯಿಂದ_ಶುರು

ಫಾರ್ಮ್ `x² + y² + 2xy + 2xz + 2yz`. ಹಾಕಿದರೆ 1 − 2 = −1. ಮೈನಸ್! ಆದರೆ ನೋಟ್ಸ್‌ನಲ್ಲಿ ಹಾಗೇ ಬರೆದಿದ್ದು ನೆನಪು ಸರ್. ಎಲ್ಲಾ `>` ಗಳನ್ನು `≥` ಮಾಡಿ ಅಂತ.

ವಿರಾಜಪೇಟೆ_ಲೆಕ್ಕದಮೇಷ್ಟ್ರು

ಬಹಳ ಕಡೆ ಹಾಗೇ ಬರೆಯುತ್ತಾರೆ. ಎರಡನೇ ಹೆಜ್ಜೆಯಲ್ಲಿ ವರ್ಗದ ಗುಣಕ ಸೊನ್ನೆ ಬಂತು ಅಂದರೆ ಮುಂದಿನ ಗುಣಕ ಏನೇ ಇರಲಿ, ಗುಣಿಸಿದಾಗ ಸೊನ್ನೆಯೇ. ಆಮೇಲೆ ಬರುವ ಮೈನಸ್ ಆ ಸೊನ್ನೆಯ ಹಿಂದೆ ಅಡಗಿ ಕೂರುತ್ತದೆ. ಇದನ್ನೇ ವರ್ಗವಾಗಿ ಬರೆದರೆ `(x + y + z)² − z²`. ಮೈನಸ್ ಕಣ್ಣಿಗೆ ಕಾಣುತ್ತಿದೆ, ಡಿಟರ್ಮಿನೆಂಟ್‌ನಲ್ಲಿ ಮಾತ್ರ ಕಾಣಲಿಲ್ಲ.

`≥` ಬೇಕಾದರೆ ಮೂಲೆಯವು ಮಾತ್ರ ಸಾಲದು. ಯಾವ ಸಾಲುಗಳನ್ನು ಆರಿಸಿ ಅದೇ ಕಾಲಂಗಳನ್ನು ಉಳಿಸಿಕೊಂಡರೂ ಆ ಡಿಟರ್ಮಿನೆಂಟ್ ಸೊನ್ನೆ ಅಥವಾ ಹೆಚ್ಚು ಇರಬೇಕು. ಇಲ್ಲಿ ಒಂದನೇ ಮತ್ತು ಮೂರನೇ ಸಾಲು ಇಟ್ಟು ನೋಡು: 1, 1, 1, 0. ಡಿಟರ್ಮಿನೆಂಟ್ −1. ಸಿಕ್ಕಿಬಿತ್ತು.

ಕೋಡ್_ಕುಶಾಲನಗರ

ಮೂರಕ್ಕೆ ಏಳು ಡಿಟರ್ಮಿನೆಂಟ್, ಪರವಾಗಿಲ್ಲ. ಹತ್ತಕ್ಕೆ 1023. ಕೋಡ್‌ನಲ್ಲಿ ಯಾರೂ ಆ ದಾರಿ ಹಿಡಿಯುವುದಿಲ್ಲ. `eigvalsh` ಓಡಿಸಿ ಅತಿ ಸಣ್ಣದನ್ನು ನೋಡುತ್ತೇವೆ.

ಅಂದಹಾಗೆ ಚೊಲೆಸ್ಕಿ ಗಣಿತದ ಮೇಷ್ಟ್ರಲ್ಲ. ಫ್ರೆಂಚ್ ಸೈನ್ಯದ ಸರ್ವೆ ಅಧಿಕಾರಿ. ಭೂಮಿ ಅಳತೆಯ ತಪ್ಪು ಸರಿದೂಗಿಸಲು ಈ ವಿಧಾನ ಮಾಡಿಕೊಂಡಿದ್ದ. 1918ರಲ್ಲಿ ಯುದ್ಧದಲ್ಲಿ ಸತ್ತ. ವಿಧಾನ ಅಚ್ಚಾಗಿ ಹೊರಗೆ ಬಂದದ್ದು 1924ರಲ್ಲಿ, ಅವನ ಜೊತೆಯ ಇನ್ನೊಬ್ಬ ಅಧಿಕಾರಿಯ ಮೂಲಕ.

ತೋಟದಮನೆ_ಸೋಮವಾರಪೇಟೆ

ಸೈನ್ಯದವನು ಅಂದಮೇಲೆ ಕೊಡಗಿನವರಿಗೆ ಅರ್ಥ ಆಗಲೇಬೇಕು ಬಿಡಿ.

ನನ್ನದೊಂದು ಪ್ರಶ್ನೆ. ಹೆಣ್ಣುಮಗಳ ಮೂಲ ಕೆಲಸ ಏನಾಯಿತು? ಇಡೀ ವರ್ಷದ ಅಂಕಿ ಬೇಕಲ್ಲ ಅವಳಿಗೆ.

ವಿರಾಜಪೇಟೆ_ಲೆಕ್ಕದಮೇಷ್ಟ್ರು

ಒಂದು ವಿಷಯ ಹೇಳಬಹುದು. ಇಡೀ ವರ್ಷಕ್ಕೆ ಎರಡು 0.9 ಗಳೂ ನಿಜ ಅಂತ ಒಪ್ಪಿದರೆ, ಭಾಗಮಂಡಲ–ಸುಂಟಿಕೊಪ್ಪದ ಇಡೀ ವರ್ಷದ ಕೋರಿಲೇಶನ್ 0.62ಕ್ಕಿಂತ ಕಮ್ಮಿ ಇರಲು ಆಗುವುದಿಲ್ಲ. ಒಂದು ಮುಂಗಾರು ತಿಂಗಳಿನ ಅಂಕಿ ಇಲ್ಲದಿದ್ದರೂ ಇಷ್ಟು ಗೊತ್ತಾಯಿತು. ಬೇಲಿಯ ಒಳಗೆ ಎಲ್ಲಿ ಅಂತ ಮಾತ್ರ ಗೊತ್ತಾಗುವುದಿಲ್ಲ. ನಡುವಿನ 0.81 ಇಟ್ಟುಕೊಳ್ಳಬಹುದು. ಹಾಗೆ ಮಾಡಿದರೆ, ನಿಮ್ಮ ತೋಟದ ಮಳೆ ಗೊತ್ತಿದ್ದ ಮೇಲೆ ಉಳಿದ ಎರಡಕ್ಕೂ ನೇರ ಸಂಬಂಧ ಏನೂ ಇಲ್ಲ ಅಂತ ಊಹಿಸಿದಂತೆ. ಊಹೆ ಅಂತ ಪ್ರಾಜೆಕ್ಟ್‌ನಲ್ಲಿ ಬರೆಯಿರಿ.

ಕೋಡ್_ಕುಶಾಲನಗರ

ನನಗೆ ಆ 0.9 ಮೇಲೆಯೇ ನಂಬಿಕೆ ಇಲ್ಲ ಮೇಷ್ಟ್ರೇ. ಜುಲೈನಲ್ಲಿ ಎಲ್ಲಾ ಕಡೆ ಸುರಿಯುತ್ತೆ, ಜನವರಿಯಲ್ಲಿ ಎಲ್ಲಾ ಕಡೆ ಒಣ. ಅಷ್ಟಕ್ಕೇ ಕೋರಿಲೇಶನ್ 0.9 ಬಂದುಬಿಡುತ್ತೆ. ತೋಟಗಳ ನಡುವಿನ ಸಂಬಂಧ ಅಲ್ಲ ಅದು, ಕ್ಯಾಲೆಂಡರ್. ಪ್ರತಿ ತಿಂಗಳ ಸರಾಸರಿ ಮೊದಲು ಕಳೆದು, ಉಳಿದದ್ದಕ್ಕೆ ಕೋರಿಲೇಶನ್ ತೆಗೆಯಬೇಕು. ಬೇಸಿಗೆಗೆ ಒಂದು ಮ್ಯಾಟ್ರಿಕ್ಸ್, ಮುಂಗಾರಿಗೆ ಒಂದು.

ವಿರಾಜಪೇಟೆ_ಲೆಕ್ಕದಮೇಷ್ಟ್ರು

ಮುಂಗಾರಿನ ಮ್ಯಾಟ್ರಿಕ್ಸ್‌ಗೆ ಭಾಗಮಂಡಲ–ಸುಂಟಿಕೊಪ್ಪ ಜೋಡಿಯಲ್ಲಿ ಒಂದೂ ತಿಂಗಳು ಇಲ್ಲವಲ್ಲ ಮಾರಾಯ. ನಾಲ್ಕೇ ವರ್ಷದಲ್ಲಿ ತಿಂಗಳ ಸರಾಸರಿ ಕಳೆದರೆ ಉಳಿಯುವುದಾದರೂ ಎಷ್ಟು? ಕ್ಯಾಲೆಂಡರ್ ಅಂತ ನೀವು ಹೇಳುವುದು ಸರಿ, ಆದರೆ ಅವಳ ಕೃತಕ ಸರಣಿಯಲ್ಲಿ ಕ್ಯಾಲೆಂಡರೂ ಬೇಕು.

ಕೋಡ್_ಕುಶಾಲನಗರ

ಬೇಕು, ಆದರೆ ಚೊಲೆಸ್ಕಿ ಮೂಲಕ ಅಲ್ಲ. ತಿಂಗಳ ಸರಾಸರಿಯನ್ನು ಕೊನೆಗೆ ಮತ್ತೆ ಕೂಡಿಸಬೇಕು. ಇದರಲ್ಲಿ ನಾನು ರಾಜಿ ಆಗಲ್ಲ.

ಮಳೆಲೆಕ್ಕ_ಮಡಿಕೇರಿ

ಇಬ್ಬರೂ ಹೇಳಿದ್ದನ್ನು ಗೈಡ್ ಮುಂದೆ ಇಡುತ್ತೇನೆ. ಸದ್ಯಕ್ಕೆ ಎರಡೂ ರೀತಿ ಮಾಡಿ ನೋಡುತ್ತೇನೆ. c ಜಾಗದಲ್ಲಿ 0.65, 0.81, 0.95 ಇಟ್ಟು ಕೊನೆಯ ಉತ್ತರ ಎಷ್ಟು ಅಲುಗಾಡುತ್ತದೆ ಅಂತಲೂ ನೋಡಬೇಕು. ಕೆಳಗಿನ ಅರ್ಧವನ್ನೂ ಬದಲಾಯಿಸಲು ಮರೆಯುವುದಿಲ್ಲ 🙂

ಭಾಗಮಂಡಲದ ಕಡೆ 2020ರ ನಂತರ ಮಳೆಗಾಲದಲ್ಲೂ ಮಳೆ ಬರೆದಿಟ್ಟವರು ಯಾರಾದರೂ ಗೊತ್ತಾ? ಎರಡು ಮುಂಗಾರು ಸಿಕ್ಕಿದರೂ ಸಾಕು.

ತೋಟದಮನೆ_ಸೋಮವಾರಪೇಟೆ

ನನ್ನ ಹೆಂಡತಿಯ ತವರು ಅದೇ ಕಡೆ. ಅವಳ ಅಣ್ಣ ದಿನಾ ಬೆಳಿಗ್ಗೆ ಗೇಜ್ ನೋಡಿ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಲ್ಲಿ ಬರೆಯುತ್ತಾನೆ. ಹಳೇ ಕ್ಯಾಲೆಂಡರ್ ಬಿಸಾಡುವ ಜಾತಿ ಅಲ್ಲ ಅವನು. ಕೇಳಿ ನೋಡುತ್ತೇನೆ ಮಗಳೇ. ಇಂಚಿನಲ್ಲೇ ಇರುತ್ತೆ. ಮಳೆಗಾಲದ ಪುಟಕ್ಕೆ ಬೂಷ್ಟು ಹಿಡಿದಿದ್ದರೆ ನನ್ನನ್ನು ಬಯ್ಯಬೇಡ.